ಬಳ್ಳಿ ನೋಡಿ ಔಷಧಿ ಹೇಳಿ ಎನ್ನುತ್ತಾರೆ, ಚಿತ್ರವೇ ಬಂದಿಲ್ಲ: ಮೊದಲು ಏನು ಕೇಳಬೇಕು?

ಬಣಕಲ್ ಬೆಳೆಗಾರ

ಇವತ್ತು ಬೆಳಗ್ಗೆ ನಮ್ಮ ಮೊಬೈಲ್ ಗುಂಪಿಗೆ ಕೊಟ್ಟಿಗೆಹಾರದ ಕಡೆಯ ಬೆಳೆಗಾರರೊಬ್ಬರ ಸಂದೇಶ ಬಂತು. ಹಾಗೆಯೇ ಕೊಡುತ್ತೇನೆ: “ಸರ್, ಚಿತ್ರ ನೋಡಿ ಹೇಳಿ. ಮೆಣಸಿನ ಬಳ್ಳಿ ಹಳದಿಯಾಗಿ ಎಲೆ ಉದುರುತ್ತಿದೆ. ಎಷ್ಟು ಹಾಕಬೇಕು? ಆಳುಗಳು ಬಂದು ನಿಂತಿದ್ದಾರೆ.”

ಚಿತ್ರ ಬಂದಿರಲಿಲ್ಲ. ಆದರೂ ಉತ್ತರಗಳಿಗೆ ಬರವಿರಲಿಲ್ಲ. ಒಬ್ಬರು ಶೇಕಡಾ 1ರ ಬೋರ್ಡೋ ಸಿಂಪಡಿಸಿ ಎಂದರು. ಇನ್ನೊಬ್ಬರು ಬುಡಕ್ಕೆ ಕಾಪರ್ ಆಕ್ಸಿಕ್ಲೋರೈಡ್ ಸುರಿಯಿರಿ ಎಂದರು. ಮತ್ತೊಬ್ಬರು ಜಂತುಹುಳುವಿನ ಬಾಧೆ ಎಂದು ತೀರ್ಮಾನವನ್ನೇ ಕೊಟ್ಟರು. ಮೆಗ್ನೀಷಿಯಂ ಕೊರತೆ ಎಂದವರೂ ಇದ್ದಾರೆ. ಯಾವುದಾದರೊಂದು ತೋಟದ ಯಾವುದಾದರೊಂದು ಬಳ್ಳಿಗೆ ಇವೆಲ್ಲವೂ ಸರಿಯಾದ ಉತ್ತರಗಳೇ. ಈ ಬಳ್ಳಿಗೆ ಯಾವುದು ಎಂದು ತಿಳಿಯಲು ಯಾರ ಬಳಿಯೂ ಆಧಾರವಿರಲಿಲ್ಲ.

ನನ್ನ ಪ್ರಶ್ನೆ ಔಷಧಿಯ ಬಗ್ಗೆ ಅಲ್ಲ. ಇಡೀ ಪ್ರಶ್ನೆ ಚಿತ್ರದ ಮೇಲೆಯೇ ನಿಂತಿರುವಾಗ ಆ ಚಿತ್ರವೇ ಬಾರದಿದ್ದರೆ, ನಾವು ಏನೇನು ಕೇಳಿದರೆ ಕೆಲಸಕ್ಕೆ ಬರುತ್ತದೆ? ಆ ಬೆಳೆಗಾರರು ಇನ್ನೂ ಕಾಯುತ್ತಿದ್ದಾರೆ. ಅವರಿಗೆ ಸದ್ಯಕ್ಕೆ ಇಷ್ಟು ಬರೆದಿದ್ದೇನೆ: “ನಿಮ್ಮ ಸಂದೇಶ ಬಂದಿದೆ, ಚಿತ್ರ ಬಂದಿಲ್ಲ. ಈಗ ಬಂದಿರುವ ಯಾವ ಸಲಹೆಯೂ ಚಿತ್ರ ನೋಡಿ ಕೊಟ್ಟದ್ದಲ್ಲ, ಸ್ವಲ್ಪ ತಡೆಯಿರಿ.” ಮುಂದೆ ಏನು ಕೇಳಲಿ, ಹೇಳಿ.

ಬೇಲೂರು ತೋಟ

ಇದರಲ್ಲಿ ಯೋಚಿಸುವುದು ಏನಿದೆ? ಚಿತ್ರ ಮತ್ತೆ ಕಳುಹಿಸಿ ಎನ್ನಬೇಕು, ಅದು ಬರುವವರೆಗೆ ಬಾಯಿ ಮುಚ್ಚಿಕೊಂಡಿರಬೇಕು. ಕಣ್ಣಿಗೆ ಕಾಣದ ಬಳ್ಳಿಗೆ ಔಷಧಿ ಹೇಳುವುದು ತಪ್ಪು ಎಂದು ನೀವೇ ಬರೆದಿದ್ದೀರಿ. ಹಾಗಾದರೆ ಪ್ರಶ್ನೆಗಳ ಮಾಲೆ ಏಕೆ? ಪ್ರಶ್ನೆ ಕೇಳಿ ಉತ್ತರ ಪಡೆದರೂ ಅದು ಅವರ ಕಣ್ಣು ಕಂಡದ್ದೇ ಹೊರತು ನಮ್ಮ ಕಣ್ಣು ಕಂಡದ್ದಲ್ಲ.

ಬಣಕಲ್ ಬೆಳೆಗಾರ

ಗೌಡರೇ, ಊಹಿಸಬಾರದು ಎಂಬುದನ್ನು ಪೂರ್ತಿ ಒಪ್ಪುತ್ತೇನೆ. ಆದರೆ ಚಿತ್ರ ಏಕೆ ಬಂದಿಲ್ಲ ಎಂಬುದನ್ನೂ ನೋಡಬೇಕಲ್ಲ. ಮಳೆ ಹಿಡಿದರೆ ಆ ಕಡೆ ಸಿಗ್ನಲ್ ಒಂದು ಗೆರೆ ಇದ್ದರೆ ಹೆಚ್ಚು. ಅಕ್ಷರ ಹೋಗುತ್ತದೆ, ಚಿತ್ರ ಹೋಗುವುದಿಲ್ಲ. ಕಳುಹಿಸಿದವರ ಮೊಬೈಲಿನಲ್ಲಿ ಮಾತ್ರ ಚಿತ್ರ ಕಾಣುತ್ತಲೇ ಇರುತ್ತದೆ. ಮೂಲೆಯಲ್ಲಿರುವ ಗಡಿಯಾರದ ಗುರುತನ್ನು ತೋಟದಲ್ಲಿ ನಿಂತು ಯಾರು ಗಮನಿಸುತ್ತಾರೆ? ಅವರು ಕಳುಹಿಸಿದ್ದೇನೆ ಎಂದೇ ನಂಬಿರುತ್ತಾರೆ. ಮತ್ತೆ ಕಳುಹಿಸಿ ಎಂದರೆ ಮತ್ತೆ ಅದೇ ಆಗುತ್ತದೆ. ಆಳುಗಳು ಸಂಜೆಯವರೆಗೆ ಕಾಯುವುದಿಲ್ಲ, ಬಂದ ಮೊದಲ ಸಲಹೆಯನ್ನೇ ಬ್ಯಾರೆಲಿಗೆ ಸುರಿದುಬಿಡುತ್ತಾರೆ.

ಕಳಸದ ರೈಟರ್

ನಾನು ಎಸ್ಟೇಟಿನಲ್ಲಿ ರೈಟರ್ ಕೆಲಸ ಮಾಡುವವನು. ನನ್ನ ಅಭಿಪ್ರಾಯದಲ್ಲಿ ಒಂದು ಸಿದ್ಧ ಪಟ್ಟಿ ಇರಬೇಕು. ತಳಿ ಯಾವುದು, ಪಣಿಯೂರು 1ರೋ ಸ್ಥಳೀಯದೋ? ಬಳ್ಳಿಗೆ ಎಷ್ಟು ವರ್ಷ? ಆಸರೆ ಮರ ಸಿಲ್ವರ್ ಓಕೋ ಹಾಲುವಾಣವೋ? ಮರಗಸಿ ಯಾವಾಗ ಮಾಡಿಸಿದಿರಿ? ಮಣ್ಣು ಪರೀಕ್ಷೆ ಆಗಿದೆಯೇ, ರಸಸಾರ ಎಷ್ಟು? ಕಳೆದ ವರ್ಷ ಎಷ್ಟು ಇಂಚು ಮಳೆ? ಗೊಬ್ಬರ ಯಾವಾಗ, ಎಷ್ಟು? ಕೊಯ್ಲು ಎಷ್ಟು ಬಂತು? ಇವೆಲ್ಲ ಗೊತ್ತಾದರೆ ಚಿತ್ರ ಇಲ್ಲದಿದ್ದರೂ ನಡೆಯುತ್ತದೆ. ಬೇಕಿದ್ದರೆ ನಾನೇ ಪಟ್ಟಿ ಮಾಡಿ ಕೊಡುತ್ತೇನೆ, ಪ್ರಶ್ನೆ ಕೇಳುವವರೆಲ್ಲ ಮೊದಲು ಅದನ್ನು ತುಂಬಿ ಕಳುಹಿಸಲಿ.

ಹಳೆಯ ತೋಟಗಾರಿಕೆಯವರು, ಹಾಸನ

ರೈಟರ್ ಅವರ ಪಟ್ಟಿಯಲ್ಲಿ ತಪ್ಪು ಪ್ರಶ್ನೆ ಒಂದೂ ಇಲ್ಲ. ವರ್ಷದ ಲೆಕ್ಕ ಹಾಕಲು ಎಲ್ಲವೂ ಬೇಕು. ಆದರೆ ಬೆಳೆಗಾರರು ಈ ಹೊತ್ತು ಮಳೆಯಲ್ಲಿ ನಿಂತಿದ್ದಾರೆ. ಅವರಿಂದ ಎರಡೋ ಮೂರೋ ಉತ್ತರ ಸಿಗಬಹುದು, ಹನ್ನೆರಡು ಸಿಗುವುದಿಲ್ಲ. ಹನ್ನೆರಡು ಕೇಳಿದರೆ ಮುಖ್ಯವಾದದ್ದನ್ನು ಬಿಟ್ಟು ಸುಲಭವಾದದ್ದಕ್ಕೆ ಉತ್ತರಿಸುತ್ತಾರೆ. ತಳಿಯ ಹೆಸರು ಬರುತ್ತದೆ, ಬುಡ ನೋಡಿದಿರಾ ಎಂಬುದಕ್ಕೆ ಉತ್ತರ ಬರುವುದಿಲ್ಲ.

ನಾನು ಪ್ರಶ್ನೆಯನ್ನು ಆರಿಸುವ ಕ್ರಮ ಹೀಗೆ. ಉತ್ತರ ಹೌದು ಎಂದಾದರೆ ನಾನು ಹೇಳುವ ಕೆಲಸ ಒಂದು, ಅಲ್ಲ ಎಂದಾದರೆ ಇನ್ನೊಂದು, ಹಾಗಿದ್ದರೆ ಮಾತ್ರ ಕೇಳುತ್ತೇನೆ. ಸಿಲ್ವರ್ ಓಕ್ ಎಂದರೂ ಹಾಲುವಾಣ ಎಂದರೂ ಇವತ್ತು ಮಾಡಬೇಕಾದದ್ದು ಬದಲಾಗದಿದ್ದರೆ ಆ ಪ್ರಶ್ನೆ ಇವತ್ತಿಗೆ ಬೇಡ.

ಮಳೆಗಾಲದಲ್ಲಿ ಮೆಣಸಿನ ಬಳ್ಳಿ ಹಳದಿಯಾಗಿ ಎಲೆ ಉದುರಿದರೆ ನನ್ನ ಮನಸ್ಸಿಗೆ ಮೊದಲು ಬರುವವು ಎರಡು. ಒಂದು ಶೀಘ್ರ ಸೊರಗು ರೋಗ. ಫೈಟಾಪ್ತೊರಾ ಎಂಬ ಶಿಲೀಂಧ್ರದಂಥ ರೋಗಾಣು ಬುಡವನ್ನೋ ಬೇರನ್ನೋ ಹಿಡಿದು, ಬುಡ ಪೂರ್ತಿ ಕೊಳೆತರೆ ತಿಂಗಳೊಳಗೆ ಬಳ್ಳಿಯನ್ನು ಮುಗಿಸುತ್ತದೆ. ಇನ್ನೊಂದು ನಿಧಾನ ಸೊರಗು. ಬೇರಿಗೆ ಜಂತುಹುಳು ಬಿದ್ದು, ಮಳೆ ನಿಂತು ಮಣ್ಣು ಒಣಗತೊಡಗುವ ಅಕ್ಟೋಬರ್ ನಂತರ ಹಳದಿ ಕಾಣಿಸಿಕೊಳ್ಳುತ್ತದೆ. ಮುಂದಿನ ಮುಂಗಾರಿಗೆ ಬಳ್ಳಿ ಸ್ವಲ್ಪ ಚೇತರಿಸಿಕೊಂಡಂತೆ ತೋರುತ್ತದೆ, ಮತ್ತೆ ಹಳದಿಯಾಗುತ್ತದೆ, ಹೀಗೆ ಕೆಲವು ವರ್ಷ ಎಳೆಯುತ್ತದೆ. ಒಂದಕ್ಕೆ ಹಾಕುವ ಔಷಧಿಯಷ್ಟೇ ಇನ್ನೊಂದಕ್ಕೆ ಸಾಲದು.

ಇವೆರಡನ್ನು ಬೇರೆ ಮಾಡುವ ಪ್ರಶ್ನೆಗಳು ಯಾವುವು? ಹಳದಿ ಮೊದಲು ಕಂಡದ್ದು ಯಾವಾಗ, ಮಳೆ ಹಿಡಿದ ಮೇಲೋ ಅಥವಾ ಕಳೆದ ಬೇಸಿಗೆಯಲ್ಲೇ ಇತ್ತೋ ಎಂಬುದು ಮೊದಲನೆಯದು. ಇದಕ್ಕೆ ಎಷ್ಟೇ ಸ್ಪಷ್ಟವಾದ ಚಿತ್ರ ಬಂದರೂ ಉತ್ತರ ಸಿಗುವುದಿಲ್ಲ, ಕೇಳಲೇಬೇಕು. ಎರಡನೆಯದು, ಕೆಳಗೆ ಬಿದ್ದ ಎಲೆಗಳನ್ನು ಹಿಡಿ ತುಂಬ ಎತ್ತಿಕೊಂಡು ನೋಡಲು ಹೇಳುವುದು: ಅವು ಯಾವ ಬಣ್ಣದಲ್ಲಿವೆ? ಬುಡ ಕೊಳೆತ ಬಳ್ಳಿಯಲ್ಲಿ ಹಸಿರು ಎಲೆಯೂ ತೆನೆಯೂ ಉದುರುತ್ತವೆ, ಗಿಣ್ಣು ಗಿಣ್ಣಿನಲ್ಲಿ ಕವಲು ಕಳಚಿಕೊಳ್ಳುತ್ತದೆ. ಮೂರನೆಯದು ಬುಡದ್ದು. ನೆಲಕ್ಕೆ ತಾಗುವ ಕಡೆ ಮಣ್ಣು ಸರಿಸಿ, ತೊಗಟೆಯನ್ನು ಉಗುರಿನಲ್ಲಿ ಕೆರೆದು, ಒಳಗೆ ಕಂಡದ್ದನ್ನು ಹೇಳಿ. ಒಳಗೆ ಬಿಳಿ ಹಸಿರಾಗಿ ಗಟ್ಟಿಯಿದ್ದರೆ ಬುಡ ಉಳಿದಿದೆ. ಕಪ್ಪಾಗಿ ಲೊಳೆಯಾಗಿ ನಾರುತ್ತಿದ್ದರೆ ಹೋಗಿದೆ.

ಒಂದು ಎಚ್ಚರಿಕೆ. “ಬುಡ ಕಪ್ಪಾಗಿದೆಯೇ?” ಎಂದು ಕೇಳಬೇಡಿ. ಮಳೆಗಾಲದಲ್ಲಿ ಎಲ್ಲ ಬಳ್ಳಿಯ ಬುಡವೂ ಹೊರಗಿನಿಂದ ಕಪ್ಪಗೇ ಇರುತ್ತದೆ, ಹೌದು ಎಂದೇ ಉತ್ತರ ಬರುತ್ತದೆ. “ಸೊರಗು ರೋಗವೇ?” ಎಂದಂತೂ ಕೇಳಲೇಬೇಡಿ. ಬೆಳೆಗಾರರಿಗೆ ರೋಗದ ಹೆಸರು ಗೊತ್ತಿದ್ದರೆ ನಮ್ಮನ್ನು ಏಕೆ ಕೇಳುತ್ತಿದ್ದರು? ಕೆರೆದು ನೋಡಿ ಕಂಡದ್ದನ್ನು ಅವರ ಮಾತಿನಲ್ಲೇ ಹೇಳಲಿ. ಹೆಸರಿಡುವ ಕೆಲಸ ನಮಗಿರಲಿ.

ಬೇಲೂರು ತೋಟ

ಸರ್, ಬುಡ ಕೆರೆದು ನೋಡಿ ಎಂಬುದು ಒಳ್ಳೆಯ ಮಾತು. ಅದು ಚಿತ್ರದಲ್ಲಿ ನಿಜಕ್ಕೂ ಕಾಣುತ್ತಿರಲಿಲ್ಲ. ಬಹಳ ಜನ ಎಲೆಯ ಚಿತ್ರ ಮಾತ್ರ ಕಳುಹಿಸುತ್ತಾರೆ, ಅದೂ ಕೈ ಅಲುಗಿ ಮಸುಕಾದದ್ದು. ಆದರೂ ಎಲೆಯ ಚುಕ್ಕೆಯ ಅಂಚನ್ನು ಮಾತಿನಲ್ಲಿ ಹೇಳಲು ಸಾಧ್ಯವೇ?

ಹಳೆಯ ತೋಟಗಾರಿಕೆಯವರು, ಹಾಸನ

ಸ್ವಲ್ಪ ಮಟ್ಟಿಗೆ ಸಾಧ್ಯ. ಫೈಟಾಪ್ತೊರಾ ಚುಕ್ಕೆ ಹಸಿ ಹವೆಯಲ್ಲಿ ದಿನದಿಂದ ದಿನಕ್ಕೆ ಹರಡುತ್ತದೆ, ಅದರ ಅಂಚು ನಾರುನಾರಾಗಿ, ಬಟ್ಟೆಯ ಮೇಲೆ ಮಸಿ ಹೀರಿಕೊಂಡಂತೆ ಕಾಣುತ್ತದೆ. ಚಿಬ್ಬು ರೋಗದ ಚುಕ್ಕೆಗೆ ಸುತ್ತ ಹಳದಿ ಬಳೆ ಇರುತ್ತದೆ. “ಚುಕ್ಕೆಯ ಅಂಚು ಹೇಗಿದೆ, ಪಕ್ಕದಲ್ಲಿ ಬೇರೆ ಬಣ್ಣ ಇದೆಯೇ?” ಎಂದು ಕೇಳಬಹುದು. ಆದರೆ ಇಲ್ಲಿ ನಿಮ್ಮ ಮಾತೇ ಸರಿ, ಇದಕ್ಕೆ ಚಿತ್ರವೇ ಬೇಕು. ಮಾತಿನಲ್ಲಿ ಬಂದ ಉತ್ತರದ ಮೇಲೆ ನಾನು ಭಾರ ಹಾಕುವುದಿಲ್ಲ. ಅದಕ್ಕೇ ಚುಕ್ಕೆಯ ಬದಲು ಬುಡವನ್ನು ಕೇಳಿದ್ದು. ಕಪ್ಪು ಲೊಳೆಗೂ ಬಿಳಿ ಹಸಿರಿಗೂ ವ್ಯತ್ಯಾಸ ಹೇಳಲು ಯಾರಿಗೂ ಕಷ್ಟವಾಗುವುದಿಲ್ಲ.

ಆಲ್ದೂರು ಅರೇಬಿಕಾ

ನಮಸ್ಕಾರ. ನನ್ನದೂ ಇದೇ ಸಮಸ್ಯೆ, ಆದರೆ ಕಾಫಿಯಲ್ಲಿ. ಏಳೆಂಟು ವರ್ಷದ ಅರೇಬಿಕಾ, ಒಂದು ಪಟ್ಟೆಯಲ್ಲಿ ಅಲ್ಲಲ್ಲಿ ಗಿಡಗಳು ಹಳದಿಯಾಗಿ ಜೋಲು ಬಿದ್ದಿವೆ. ಚಿತ್ರ ಹಾಕಿದ್ದೇನೆ, ನೋಡಿ ಔಷಧಿ ತಿಳಿಸಿ. ಮೆಣಸಿಗೆ ಹೇಳಿದ ಬೋರ್ಡೋವನ್ನೇ ಹೊಡೆಯಬಹುದೇ?

ಬಣಕಲ್ ಬೆಳೆಗಾರ

ಆಲ್ದೂರಿನವರೇ, ನಿಮ್ಮ ಬರಹ ಬಂದಿದೆ, ಚಿತ್ರ ಬಂದಿಲ್ಲ. ಇಲ್ಲಿ ನಾವು ಔಷಧಿ ಹೇಳುತ್ತಿಲ್ಲ, ಏನು ಕೇಳಬೇಕೆಂದು ಮಾತಾಡುತ್ತಿದ್ದೇವೆ. ಆದರೂ ನಿಮ್ಮನ್ನು ಕೇಳುತ್ತೇನೆ. ಜೋಲು ಬಿದ್ದ ಗಿಡದ ಕಾಂಡವನ್ನು ಬುಡದಿಂದ ಮೇಲಿನವರೆಗೆ ಅಂಗೈಯಿಂದ ಸವರಿ ನೋಡಿ. ಕೈಗೆ ಏನು ಸಿಗುತ್ತದೆ? ಪಕ್ಕದ ಚೆನ್ನಾಗಿರುವ ಗಿಡವನ್ನೂ ಹಾಗೆಯೇ ಸವರಿ, ಎರಡರಲ್ಲಿ ವ್ಯತ್ಯಾಸ ಇದ್ದರೆ ತಿಳಿಸಿ. ಅಲ್ಲಿಯವರೆಗೆ ಯಾವುದನ್ನೂ ಹೊಡೆಯಬೇಡಿ.

ಗೊಬ್ಬರದಂಗಡಿ ಅಕ್ಕ, ಸಕಲೇಶಪುರ

ಎಲ್ಲರೂ ಬಳ್ಳಿಯ ಬಗ್ಗೆಯೇ ಮಾತಾಡುತ್ತಿದ್ದೀರಿ. ಸಂದೇಶವನ್ನು ಇನ್ನೊಮ್ಮೆ ಓದಿ ನೋಡಿ. ಅವರು “ಏನು ಹಾಕಬೇಕು” ಎಂದು ಕೇಳಿಲ್ಲ, “ಎಷ್ಟು ಹಾಕಬೇಕು” ಎಂದು ಕೇಳಿದ್ದಾರೆ. ಆಳುಗಳು ಬಂದು ನಿಂತಿದ್ದಾರೆ ಎಂದರೆ ಕೈಯಲ್ಲಿ ಏನೋ ಇದೆ. ಬಳ್ಳಿ ಹಳದಿಯಾಗಿದೆ ಎಂಬುದನ್ನು ಮಾತಿನಲ್ಲೇ ಹೇಳಿಬಿಟ್ಟಿದ್ದಾರೆ. ಹಾಗಿದ್ದ ಮೇಲೆ ಚಿತ್ರದಲ್ಲಿ ಬಳ್ಳಿಯೇ ಇತ್ತು ಎಂದು ನಾವು ಹೇಗೆ ನಂಬುವುದು? ನಮ್ಮ ಅಂಗಡಿಗೆ ಇಂತಹ ಸಂದೇಶ ದಿನವೂ ಬರುತ್ತದೆ. ಚಿತ್ರ ತೆರೆದುಕೊಂಡಾಗ ಅದರಲ್ಲಿ ಇರುವುದು ಪೊಟ್ಟಣ, ಇಲ್ಲವೇ ಹಳೆಯ ಬಾಟಲಿಯ ಅರ್ಧ ಹರಿದ ಚೀಟಿ.

ಆದ್ದರಿಂದ ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಮೊದಲು ಕೇಳಬೇಕಾದದ್ದು ಒಂದೇ: “ನೀವು ಕಳುಹಿಸಿದ ಚಿತ್ರದಲ್ಲಿ ಏನಿದೆ?” ಬಳ್ಳಿಯೋ, ಎಲೆಯೋ, ಪೊಟ್ಟಣವೋ, ಮಣ್ಣು ಪರೀಕ್ಷೆಯ ಕಾಗದವೋ? ಇದನ್ನು ಕೇಳದೆ ಬುಡ ಕೆರೆಯಿರಿ ಎಂದರೆ, ಅವರು ಕೇಳಿದ್ದು ಒಂದು, ನಾವು ವಿಚಾರಿಸುವುದು ಇನ್ನೊಂದು ಆಗುತ್ತದೆ.

ಪೊಟ್ಟಣ ಎಂದರೆ ನಾನು ಕೇಳುವ ಪ್ರಶ್ನೆಗಳೇ ಬೇರೆ. ದೊಡ್ಡ ಅಕ್ಷರದ ಕಂಪನಿ ಹೆಸರು ನನಗೆ ಬೇಡ. ಒಂದೇ ರೀತಿ ಕೇಳಿಸುವ ಹೆಸರಿನಲ್ಲಿ ಕೀಟನಾಶಕವೂ ಇರುತ್ತದೆ, ಶಿಲೀಂಧ್ರನಾಶಕವೂ ಇರುತ್ತದೆ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಒಳಗಿನ ರಾಸಾಯನಿಕದ ಹೆಸರೂ ಶೇಕಡಾವಾರು ಅಂಕಿಯೂ ಇರುತ್ತವೆ. ಅವನ್ನು ಅಕ್ಷರ ಅಕ್ಷರವಾಗಿ ಓದಿಸುತ್ತೇನೆ. ಇಂಗ್ಲಿಷ್ ಓದಲು ಬಾರದಿದ್ದರೆ ಮನೆಯ ಮಕ್ಕಳ ಕೈಯಲ್ಲಿ ಓದಿಸಲಿ. ಅವಧಿ ಮುಗಿಯುವ ದಿನಾಂಕ ಕೇಳುತ್ತೇನೆ. ತ್ರಿಕೋನದ ಬಣ್ಣ ಕೇಳುತ್ತೇನೆ: ಕೆಂಪು ಅತಿ ವಿಷ, ಆಮೇಲೆ ಹಳದಿ, ನೀಲಿ, ಹಸಿರು. ಕೆಂಪೋ ಹಳದಿಯೋ ಎಂದು ಗೊತ್ತಾದರೆ ಪ್ರಮಾಣದ ಮಾತಿಗೆ ಮೊದಲೇ ಕೈಗವಸು, ಮುಖವಸ್ತ್ರ ಎನ್ನಬೇಕಾಗುತ್ತದೆ. ಕೊನೆಗೆ ಬ್ಯಾರೆಲ್ ಎಷ್ಟು ಲೀಟರಿನದು ಎಂದು ಕೇಳುತ್ತೇನೆ. ಎಷ್ಟು ಎಂಬುದಕ್ಕೆ ನೀರಿನ ಲೆಕ್ಕವಿಲ್ಲದೆ ಉತ್ತರವೇ ಇಲ್ಲ.

ಕಳಸದ ರೈಟರ್

ಅಕ್ಕ, ಇದು ನನಗೆ ಹೊಳೆದಿರಲಿಲ್ಲ. ಆದರೆ ಚಿತ್ರದಲ್ಲಿ ಏನಿದೆ ಎಂದು ಕೇಳಿದರೆ ಕೆಲವರಿಗೆ ಕೋಪ ಬರುತ್ತದೆ, “ಕಣ್ಣು ಕಾಣುವುದಿಲ್ಲವೇ” ಎನ್ನುತ್ತಾರೆ. ನಮ್ಮ ಎಸ್ಟೇಟಿನಲ್ಲಿ ಮೇಸ್ತ್ರಿಗೆ ಹಾಗೆ ಕೇಳಿ ಬೈಸಿಕೊಂಡವರಿದ್ದಾರೆ.

ಗೊಬ್ಬರದಂಗಡಿ ಅಕ್ಕ, ಸಕಲೇಶಪುರ

ಚಿತ್ರ ನಮಗೆ ಬಂದಿಲ್ಲ ಎಂಬುದನ್ನು ಅದೇ ಸಾಲಿನಲ್ಲಿ ಮೊದಲು ಹೇಳಿದರೆ ಯಾರಿಗೂ ಕೋಪ ಬರುವುದಿಲ್ಲ. ಬಂದಿಲ್ಲ ಎಂದು ಹೇಳದೆ ಬರೀ ಪ್ರಶ್ನೆ ಕೇಳಿದಾಗ, ನೋಡಿಯೂ ಕೇಳುತ್ತಿದ್ದಾರೆ ಎಂದುಕೊಳ್ಳುತ್ತಾರೆ. ಬಣಕಲ್ ಅಣ್ಣ ಅದನ್ನು ಮೊದಲೇ ಹೇಳಿದ್ದಾರೆ.

ಬಣಕಲ್ ಬೆಳೆಗಾರ

ಅಕ್ಕ ಹೇಳಿದ ಮೇಲೆ ಬೆಳೆಗಾರರಿಗೆ ಫೋನ್ ಮಾಡಿದೆ. ಮೂರನೆಯ ಸಲಕ್ಕೆ ತಾಗಿತು. ಚಿತ್ರದಲ್ಲಿ ಇದ್ದದ್ದು ಪೊಟ್ಟಣವೇ. ಹಿಂದಿನ ವರ್ಷ ಯಾರೋ ಕೊಟ್ಟು ಉಳಿದದ್ದು, ಚೀಟಿ ಕಳೆದುಹೋಗಿದೆ, ಅದಕ್ಕೇ ಎಷ್ಟು ಎಂದು ಕೇಳಿದ್ದಾರೆ. ಬಳ್ಳಿಯ ಚಿತ್ರ ಅವರು ತೆಗೆದೇ ಇರಲಿಲ್ಲ. ಬೋರ್ಡೋ, ಮೆಗ್ನೀಷಿಯಂ ಎಂಬ ಉತ್ತರಗಳನ್ನು ನೋಡಿ ಅವರಿಗೆ ತಲೆಬುಡ ತಿಳಿಯಲಿಲ್ಲವಂತೆ.

ಸಣ್ಣ ಅಕ್ಷರವನ್ನು ಅವರ ಮಗಳು ಓದಿದಳು: ಮೆಟಲಾಕ್ಸಿಲ್ ಶೇಕಡಾ 8, ಮ್ಯಾಂಕೋಜೆಬ್ ಶೇಕಡಾ 64, ನೀರಿನಲ್ಲಿ ಬೆರೆಸುವ ಪುಡಿ. ಅವಧಿ ಇನ್ನೂ ಮುಗಿದಿಲ್ಲ. ನೂರು ಗ್ರಾಮಿನ ಪೊಟ್ಟಣ, ತೆರೆದಿಲ್ಲ. ಬ್ಯಾರೆಲ್ 200 ಲೀಟರಿನದು.

ಆಮೇಲೆ ಸರ್ ಹೇಳಿದ ಪ್ರಶ್ನೆಗಳನ್ನು ಕೇಳಿದೆ. ಹಳದಿ ಕಂಡದ್ದು ಪುನರ್ವಸು ಮಳೆಯ ನಂತರ, ಬೇಸಿಗೆಯಲ್ಲಿ ಬಳ್ಳಿ ಚೆನ್ನಾಗಿತ್ತು. ಬಿದ್ದ ಎಲೆಯಲ್ಲಿ ಹಸಿರೂ ಇದೆ, ಹಳದಿಯೂ ಇದೆ, ತೆನೆಯೂ ಉದುರಿದೆ. ಬುಡ ಕೆರೆಯಲು ಹೇಳಿ ಫೋನ್ ಹಿಡಿದುಕೊಂಡೇ ಕಾದೆ. “ಒಳಗೆ ಬೆಂದ ಗೆಣಸಿನ ಹಾಗೆ ಮೆತ್ತಗಾಗಿದೆ, ವಾಸನೆ ಬರುತ್ತಿದೆ” ಎಂದರು. ಅವರೇ ಇನ್ನೊಂದು ಮಾತು ಸೇರಿಸಿದರು: ಅಂಥವು ಎರಡು ಬಳ್ಳಿ, ಕೆಳಗಿನ ಸಾಲಿನಲ್ಲಿ, ನೀರು ನಿಲ್ಲುವ ಕಡೆ.

ಹಳೆಯ ತೋಟಗಾರಿಕೆಯವರು, ಹಾಸನ

ಇದು ಶೀಘ್ರ ಸೊರಗು ಎಂದು ಇಟ್ಟುಕೊಂಡು ಮುಂದೆ ಹೋಗಬಹುದು. ಈಗ ಇನ್ನೊಂದು ಪ್ರಶ್ನೆ ಕೇಳಲೇಬೇಕು. ಅದನ್ನು ಕೇಳದೆ ಪ್ರಮಾಣ ಹೇಳಿದರೆ ಔಷಧಿಯೂ ದಂಡ, ಬಳ್ಳಿಯೂ ದಂಡ. ಈ ಪೊಟ್ಟಣವನ್ನು ಯಾವ ಬಳ್ಳಿಗೆ ಹಾಕಬೇಕೆಂದು ಅವರು ಎಣಿಸಿದ್ದಾರೆ?

ಬುಡ ಮೆತ್ತಗಾದ ಬಳ್ಳಿಗೆ ಯಾವುದನ್ನು ಸುರಿದರೂ ಬದುಕುವುದಿಲ್ಲ. ಅದನ್ನು ಬೇರುಸಹಿತ ಕಿತ್ತು ತೋಟದಿಂದ ಹೊರಗೆ ಸುಡಬೇಕು. ಔಷಧಿ ಬೇಕಾದದ್ದು ಅದರ ಸುತ್ತ ಇರುವ, ಇನ್ನೂ ಹಸಿರಾಗಿರುವ ಬಳ್ಳಿಗಳಿಗೆ. ಬೆಳೆಗಾರರು ಸಾಮಾನ್ಯವಾಗಿ ಇದಕ್ಕೆ ತಿರುಗುಮುರುಗು ಮಾಡುತ್ತಾರೆ. ಸಾಯುತ್ತಿರುವ ಬಳ್ಳಿಗೆ ಕೊಡವನ್ನೇ ಸುರಿದು, ಪಕ್ಕದ್ದು ಚೆನ್ನಾಗಿದೆ ಎಂದು ಬಿಡುತ್ತಾರೆ.

ಪ್ರಮಾಣ ಲೀಟರಿಗೆ 1.25 ಗ್ರಾಂ. ನೂರು ಗ್ರಾಮಿಗೆ 80 ಲೀಟರ್ ನೀರು. ಬಳ್ಳಿಗೆ 5 ಲೀಟರಿನಂತೆ ಬುಡದ ಸುತ್ತ ಸುರಿದರೆ 16 ಬಳ್ಳಿಗೆ ಬರುತ್ತದೆ. ಬ್ಯಾರೆಲ್ ತುಂಬ 200 ಲೀಟರ್ ನೀರಿಗೆ ಈ ಒಂದು ಪೊಟ್ಟಣ ಹಾಕಿದರೆ ಅರ್ಧ ಶಕ್ತಿಯೂ ಇರುವುದಿಲ್ಲ, ಅದಕ್ಕೆ 250 ಗ್ರಾಂ ಬೇಕು. ಬ್ಯಾರೆಲ್ ಎಷ್ಟು ದೊಡ್ಡದು ಎಂದು ಅಕ್ಕ ಕೇಳಲು ಹೇಳಿದ್ದು ಇಲ್ಲಿ ಕೆಲಸಕ್ಕೆ ಬಂತು.

ಇನ್ನೂ ಒಂದು ಕೇಳಿ: ಈ ಮಳೆಗಾಲದಲ್ಲಿ ಬುಡಕ್ಕೆ ಮೊದಲು ಏನಾದರೂ ಹಾಕಿದ್ದಾರೆಯೇ? ಟ್ರೈಕೋಡರ್ಮಾ ಹಾಕಿದ ಬೆನ್ನಿಗೇ ಶಿಲೀಂಧ್ರನಾಶಕ ಸುರಿದರೆ ಹಾಕಿದ ಟ್ರೈಕೋಡರ್ಮಾವೂ ಹಾಳಾಗಬಹುದು.

ಬೇಲೂರು ತೋಟ

ನನಗೆ ಇನ್ನೂ ಸಮಾಧಾನವಿಲ್ಲ. ಹುಡುಗಿ ಫೋನಿನಲ್ಲಿ ಓದಿದ ಅಕ್ಷರವನ್ನು ನಂಬಿ ಪ್ರಮಾಣ ಹೇಳಿಬಿಟ್ಟಿರಿ. 8 ಎಂದದ್ದು 3 ಆಗಿದ್ದರೆ? ಚಿತ್ರ ಬಂದಿದ್ದರೆ ಅನುಮಾನವೇ ಇರುತ್ತಿರಲಿಲ್ಲ.

ಗೊಬ್ಬರದಂಗಡಿ ಅಕ್ಕ, ಸಕಲೇಶಪುರ

ಗೌಡರೇ, ನೀವು ಹೇಳುವುದರಲ್ಲಿ ನ್ಯಾಯವಿದೆ. ಆದರೆ ಪೊಟ್ಟಣದ ಚಿತ್ರ ಬಂದಾಗಲೂ ಬೆಳಕು ಹೊಳೆದು ಅಂಕಿ ಕಾಣದೇ ಇರುವುದು ಎಷ್ಟು ಸಲ! ಓದಿಸುವುದಾದರೆ ಎರಡು ಸಲ ಓದಿಸಬೇಕು, ಎರಡನೆಯ ಸಲ ಬೇರೆಯವರ ಕೈಯಲ್ಲಿ. ನಾವು ಬರೆದುಕೊಂಡದ್ದನ್ನು ತಿರುಗಿ ಹೇಳಿ ಒಪ್ಪಿಸಿಕೊಳ್ಳಬೇಕು. 8 ಮತ್ತು 64 ಒಟ್ಟಿಗೆ ಬರುವ ಜೋಡಿ ಅಂಗಡಿಯವರಿಗೆ ಪರಿಚಯದ್ದು. 4 ಮತ್ತು 64 ಎಂದಿದ್ದರೆ ಅದೂ ಪರಿಚಯದ್ದೇ, ಆದರೆ ಬೇರೆ ಸರಕು. 3 ಮತ್ತು 64 ಎಂದಿದ್ದರೆ ನಾನು ಮತ್ತೆ ಓದಿ ಎನ್ನುತ್ತಿದ್ದೆ. ಹಾಸನದ ಆಲೂಗಡ್ಡೆಯವರು ಇದೇ ಔಷಧಿ ಒಯ್ಯುತ್ತಾರೆ. ಚೀಟಿ ಇದ್ದವರು ಆಲೂಗಡ್ಡೆಯ ಸಾಲನ್ನು ಓದಿ ಮೆಣಸಿಗೆ ಹಾಕಿಬಿಡುತ್ತಾರೆ. ಆದ್ದರಿಂದ ಚೀಟಿ ಇದೆ ಎಂದವರಿಗೆ, ಯಾವ ಬೆಳೆಯ ಎದುರಿನ ಸಾಲು ಓದುತ್ತಿದ್ದೀರಿ ಎಂದೂ ಕೇಳಬೇಕು.

ಬೇಲೂರು ತೋಟ

ಎರಡು ಸಲ ಓದಿಸುವುದಾದರೆ ಒಪ್ಪುತ್ತೇನೆ. ಆದರೂ ಸಂಜೆ ಸಿಗ್ನಲ್ ಸಿಕ್ಕಾಗ ಪೊಟ್ಟಣದ ಚಿತ್ರ ಬರಲೇಬೇಕು, ಅಲ್ಲಿಯವರೆಗೆ ಪುಡಿಯನ್ನು ನೀರಿಗೆ ಹಾಕಬಾರದು. ರೋಗ ಒಂದು ಸಂಜೆಗೆ ಓಡಿಹೋಗುವುದಿಲ್ಲ.

ಹಳೆಯ ತೋಟಗಾರಿಕೆಯವರು, ಹಾಸನ

ಈ ಮಳೆಯಲ್ಲಿ ಇವತ್ತು ಸುರಿದರೂ ಕೊಚ್ಚಿಕೊಂಡು ಹೋಗುತ್ತದೆ, ಹೊಳವಾಗುವವರೆಗೆ ಕಾಯಬೇಕು. ಅಷ್ಟರಲ್ಲಿ ಬಂದ ಆಳುಗಳಿಗೆ ಕೆಲಸವಿದೆ. ಕೆಳಗಿನ ಸಾಲಿನ ಬಸಿಗಾಲುವೆ ಬಿಡಿಸಲಿ, ನೆಲದ ಮೇಲೆ ಹರಿದ ಹಂಬುಗಳನ್ನು ಕತ್ತರಿಸಲಿ ಅಥವಾ ಎತ್ತಿ ಕಟ್ಟಲಿ. ಕೊಳೆತ ಬಳ್ಳಿ ಮುಟ್ಟಿದ ಕತ್ತಿಯನ್ನು ಒಳ್ಳೆಯ ಬಳ್ಳಿಗೆ ತರಬಾರದು. ಇವುಗಳಿಗೆ ಚಿತ್ರವೂ ಬೇಡ, ಪೊಟ್ಟಣದ ಹೆಸರೂ ಬೇಡ, ಹಳದಿಗೆ ಕಾರಣ ಏನೇ ಆಗಿರಲಿ ಮಾಡಿದ್ದರಿಂದ ನಷ್ಟವಿಲ್ಲ. ಬಳ್ಳಿಯ ಚಿತ್ರ ಇಲ್ಲ ಎಂದ ಮಾತ್ರಕ್ಕೆ ಏನೂ ಹೇಳಬಾರದು ಎಂದಲ್ಲ. ಚಿತ್ರ ನೋಡಿದ ಮೇಲೂ ಬದಲಾಗದ ಮಾತನ್ನು ಮೊದಲೇ ಹೇಳಬಹುದು.

ಕಳಸದ ರೈಟರ್

ಒಂದು ಅನುಮಾನ ಉಳಿಯಿತು. ಪ್ರಶ್ನೆಗಳನ್ನು ಒಂದೊಂದಾಗಿ ಕೇಳುವುದು ಒಳ್ಳೆಯದೋ, ಎಲ್ಲವನ್ನೂ ಒಂದೇ ಸಂದೇಶದಲ್ಲಿಯೋ? ಸಿಗ್ನಲ್ ಹೋಗಿ ಬರುವ ಕಡೆ ಒಂದೊಂದಾಗಿ ಕೇಳಿದರೆ ಸಂಜೆಯಾಗುತ್ತದೆ.

ಹಳೆಯ ತೋಟಗಾರಿಕೆಯವರು, ಹಾಸನ

ಮೂರರವರೆಗೆ ಒಟ್ಟಿಗೆ ಕೇಳಿ, ಮುಖ್ಯವಾದದ್ದು ಮೇಲೆ ಇರಲಿ. ನನ್ನ ಅಭ್ಯಾಸ ಅದು.

ಗೊಬ್ಬರದಂಗಡಿ ಅಕ್ಕ, ಸಕಲೇಶಪುರ

ಸರ್, ಇಲ್ಲಿ ನನಗೆ ಬೇರೆ ಅಭಿಪ್ರಾಯವಿದೆ. ಚಿತ್ರದಲ್ಲಿ ಏನಿದೆ ಎಂಬುದನ್ನು ಒಂದೇ ಕೇಳಬೇಕು, ಅದರ ಉತ್ತರ ಬಂದ ಮೇಲೆ ಉಳಿದದ್ದು. ಬುಡದ ಪ್ರಶ್ನೆಯನ್ನೂ ಜೊತೆಗೆ ಸೇರಿಸಿದ್ದರೆ ಇವತ್ತಿನ ಬೆಳೆಗಾರರು ಬುಡ ಕೆರೆಯಲು ಹೋಗಿ, ಪೊಟ್ಟಣದ ಮಾತನ್ನು ಎತ್ತುತ್ತಲೇ ಇರಲಿಲ್ಲ. ನಾವು ಏನು ಕೇಳುತ್ತೇವೋ ಅದೇ ಅವರ ಸಮಸ್ಯೆ ಎಂದು ಅವರೂ ನಂಬಿಬಿಡುತ್ತಾರೆ.

ಹಳೆಯ ತೋಟಗಾರಿಕೆಯವರು, ಹಾಸನ

ಆದರೆ ಪೊಟ್ಟಣದ ಪ್ರಶ್ನೆಗೆ ಮಾತ್ರ ಉತ್ತರ ಪಡೆದು ನಿಲ್ಲಿಸಿದ್ದರೆ, ಆ ಪುಡಿ ಸತ್ತ ಬಳ್ಳಿಗೆ ಹೋಗುತ್ತಿತ್ತು. ಅವರು ಕೇಳಿದ್ದಕ್ಕೆ ಉತ್ತರ ಸಿಕ್ಕ ಕೂಡಲೇ ಫೋನ್ ಇಡುತ್ತಾರೆ. ಅದಕ್ಕೇ ನಾನು ಜೊತೆಯಲ್ಲೇ ಕೇಳುವುದು. ಇದರಲ್ಲಿ ನಾವಿಬ್ಬರೂ ಒಪ್ಪುವಂತೆ ಕಾಣುವುದಿಲ್ಲ.

ಬಣಕಲ್ ಬೆಳೆಗಾರ

ಸಂಜೆ ಪೊಟ್ಟಣದ ಚಿತ್ರ ಬಂತು. ಓದಿದ್ದು ಸರಿಯಿದೆ. ಟ್ರೈಕೋಡರ್ಮಾ ಈ ವರ್ಷ ಹಾಕಿಲ್ಲ. ಯಾವ ಬಳ್ಳಿಗೆ ಎಂದು ಕೇಳಿದಾಗ, ಸರ್ ಹೇಳಿದಂತೆಯೇ, ಕೊಳೆತ ಎರಡಕ್ಕೇ ಸುರಿಯಬೇಕೆಂದಿದ್ದರು. ಈಗ ಸುತ್ತಲಿನ ಬಳ್ಳಿಗಳನ್ನು ಎಣಿಸಿ 14 ಎಂದಿದ್ದಾರೆ, ಪೊಟ್ಟಣ ಸಾಕಾಗುತ್ತದೆ. ಹೊಳವಾದ ಮೇಲೆ ಹಾಕುತ್ತಾರೆ. ಬಸಿಗಾಲುವೆ ಇವತ್ತೇ ಬಿಡಿಸಿದ್ದಾರೆ.

ಆದರೆ ಮೇಲಿನ ಸಾಲಿನಲ್ಲಿ ಇನ್ನೊಂದು ಬಳ್ಳಿ ಇದೆಯಂತೆ. ಅದು ಹಳದಿ, ಎಲೆ ಉದುರಿಲ್ಲ, ಬುಡ ಗಟ್ಟಿಯಿದೆ, ಕಳೆದ ವರ್ಷವೂ ಹೀಗೇ ಇತ್ತು ಎನ್ನುತ್ತಾರೆ. ಅದು ಯಾವುದೆಂದು ನನಗೆ ಹೇಳಲು ಆಗಲಿಲ್ಲ.

ಹಳೆಯ ತೋಟಗಾರಿಕೆಯವರು, ಹಾಸನ

ಅದಕ್ಕೆ ಚಿತ್ರವೂ ಸಾಲದು, ಪ್ರಶ್ನೆಯೂ ಸಾಲದು. ಸಣ್ಣ ಬೇರುಗಳನ್ನು ಸುತ್ತಲಿನ ಹಸಿ ಮಣ್ಣಿನ ಜೊತೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಒಣಗದಂತೆ ಮೂಡಿಗೆರೆಯ ಸಂಶೋಧನಾ ಕೇಂದ್ರಕ್ಕೆ ಒಯ್ಯಲಿ. ಬೇರಿನಲ್ಲಿ ಗಂಟು ಕಾಣುತ್ತದೆಯೇ ಎಂದು ತೆಗೆಯುವಾಗಲೇ ನೋಡಲಿ. ಗಂಟು ಇಲ್ಲದಿದ್ದರೂ ಜಂತುಹುಳು ಇಲ್ಲ ಎಂದಲ್ಲ, ಗಂಟು ಕಟ್ಟದೆ ಬೇರು ಕೊರೆಯುವ ಜಾತಿಯೂ ಇದೆ.

ಆಲ್ದೂರು ಅರೇಬಿಕಾ

ಬಣಕಲ್ ಅಣ್ಣ ಕೇಳಿದ್ದಕ್ಕೆ ಉತ್ತರ. ಜೋಲು ಬಿದ್ದ ಗಿಡದ ಕಾಂಡ ಸವರಿದಾಗ ತೊಗಟೆಯ ಮೇಲೆ ಸುತ್ತಿಕೊಂಡ ಹಾಗೆ ಉಬ್ಬಿದ ಗೆರೆಗಳು ಕೈಗೆ ಸಿಕ್ಕವು. ಚೆನ್ನಾಗಿರುವ ಗಿಡದಲ್ಲಿ ನಯವಾಗಿದೆ. ಚಿತ್ರ ಈಗಲೂ ಹೋಗುತ್ತಿಲ್ಲ.

ಹಳೆಯ ತೋಟಗಾರಿಕೆಯವರು, ಹಾಸನ

ಬೋರ್ಡೋ ಬೇಡ, ಅದರಿಂದ ಇದಕ್ಕೆ ಏನೂ ಆಗುವುದಿಲ್ಲ. ನೀವು ಹೇಳಿದ್ದು ಬಿಳಿ ಕಾಂಡಕೊರಕದ ಗುರುತು. ಒಂದು ಗಿಡವನ್ನು ಕಡಿದು ಕಾಂಡ ಸೀಳಿ ನೋಡಿ, ಒಳಗೆ ಪುಡಿ ತುಂಬಿದ ಸುರಂಗವೋ ಹುಳುವೋ ಸಿಕ್ಕರೆ ಖಚಿತ. ಅಕ್ಟೋಬರಿನಿಂದ ದುಂಬಿ ಹೊರಗೆ ಬರಲು ತೊಡಗುತ್ತದೆ. ಅದಕ್ಕೆ ಮೊದಲು ಪಟ್ಟೆಯ ಪ್ರತಿ ಗಿಡವನ್ನೂ ಹೀಗೆ ಸವರಿ, ಗೆರೆ ಸಿಕ್ಕ ಗಿಡಗಳನ್ನು ಗುರುತು ಹಾಕಿ ಬುಡಸಹಿತ ಕಿತ್ತು ಸುಟ್ಟುಬಿಡಿ. ಸೌದೆಗೆಂದು ಮನೆಯ ಹಿಂದೆ ಒಟ್ಟಿ ಇಟ್ಟರೆ ದುಂಬಿ ಅಲ್ಲಿಂದಲೇ ಹಾರಿ ತೋಟಕ್ಕೆ ಬರುತ್ತದೆ. ಆ ಪಟ್ಟೆಯ ಮೇಲೆ ನೆರಳು ಎಷ್ಟಿದೆ, ಈ ವರ್ಷ ಮರಗಸಿ ಜಾಸ್ತಿ ಆಗಿತ್ತೇ? ಅದನ್ನು ತಿಳಿಸಿ.

ಆಲ್ದೂರು ಅರೇಬಿಕಾ

ಹೋದ ವರ್ಷ ಮೂರು ದೊಡ್ಡ ಮರ ಬಿದ್ದವು ಸರ್, ಆ ಪಟ್ಟೆಗೆ ಈಗ ಮಧ್ಯಾಹ್ನದ ಬಿಸಿಲು ನೇರ ಬೀಳುತ್ತದೆ. ನಾಳೆ ಗಿಡ ಸೀಳಿ ನೋಡಿ ಬರೆಯುತ್ತೇನೆ.